ಬಣ್ಣ ಹೇಳುವ ಬೆಲೆ, ಮೀಟರ್ ತೋರುವ ಬೆಲೆ

ಕಾಲು ವ್ಯಾಟಿನ ರೆಸಿಸ್ಟರ್‌ನ ಮೈ ಸುಮಾರು 6 ಮಿಲಿಮೀಟರ್ ಉದ್ದ, ಎರಡೂವರೆ ಮಿಲಿಮೀಟರಿನಷ್ಟು ದಪ್ಪ. ಇಷ್ಟು ಚಿಕ್ಕ ದುಂಡು ಮೈಮೇಲೆ ಅಂಕಿ ಅಚ್ಚು ಹಾಕಿದರೆ ಬರಿಗಣ್ಣಿಗೆ ಕಾಣುವುದು ಕಷ್ಟ. ಬೋರ್ಡಿಗೆ ಬೆಸುಗೆ ಹಾಕುವಾಗ ಅಂಕಿಯಿರುವ ಬದಿ ಕೆಳಗಾಗಿಬಿಟ್ಟರೆ ಮತ್ತೆ ಓದುವಂತೆಯೇ ಇಲ್ಲ. ಮೈಸುತ್ತ ಬಳೆಯಂತೆ ಬಳಿದ ಬಣ್ಣದ ಪಟ್ಟಿಗಳಿಗೆ ಈ ತೊಂದರೆಯಿಲ್ಲ. ರೆಸಿಸ್ಟರ್ ಹೇಗೆ ಹೊರಳಿ ಕೂತರೂ ಅವು ಕಾಣುತ್ತವೆ. ಯಾವ ಬಣ್ಣಕ್ಕೆ ಯಾವ ಅಂಕಿ ಎಂಬುದನ್ನು ಇಂದು ಐಇಸಿ 60062 ಎಂಬ ಅಂತರರಾಷ್ಟ್ರೀಯ ಮಾನಕ ಗೊತ್ತುಮಾಡಿದೆ. ಹಾಗಾಗಿ ಎಲ್ಲಿ ತಯಾರಾದ ರೆಸಿಸ್ಟರ್ ಆದರೂ ಓದುವ ರೀತಿ ಒಂದೇ.

ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಕೈಗೆ ಬರುವ ಮೊದಮೊದಲ ಕೆಲಸಗಳಲ್ಲಿ ಈ ಪಟ್ಟಿಗಳನ್ನು ಓದಿ, ಮಲ್ಟಿಮೀಟರಿನಲ್ಲಿ ಅಳೆದು, ಎರಡನ್ನೂ ತಾಳೆ ನೋಡುವುದೂ ಒಂದು. ಪಿಯುಸಿ, ಐಟಿಐ, ಡಿಪ್ಲೊಮಾ ಎಲ್ಲ ಕಡೆಯೂ ಇದು ಸುಲಭದ ಪ್ರಯೋಗವೆಂದೇ ಹೆಸರಾಗಿದೆ. ಆದರೆ ತಾಳೆ ನೋಡುವುದು ಯಾವುದನ್ನು ಯಾವುದರ ಜೊತೆ ಎಂಬಲ್ಲಿ ಗೊಂದಲವಾಗುತ್ತದೆ. ಬಣ್ಣಗಳು ಹೇಳುವುದು ಒಂದು ಖಚಿತ ಬೆಲೆಯನ್ನಲ್ಲ, ಒಂದು ವ್ಯಾಪ್ತಿಯನ್ನು. ಮೀಟರ್ ತೋರಿಸುವ ಅಂಕಿಯ ಹಿಂದೆಯೂ ಅದರದೇ ಒಂದು ವ್ಯಾಪ್ತಿ ಇರುತ್ತದೆ. ಈ ಎರಡು ವ್ಯಾಪ್ತಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೇ ಪ್ರಯೋಗದ ತಿರುಳು.

ಪಟ್ಟಿಗಳನ್ನು ಓದುವ ಕ್ರಮ

ತಿಳಿಕಂದು ಮೈಯ ಸಾಮಾನ್ಯ ಕಾರ್ಬನ್ ಫಿಲ್ಮ್ ರೆಸಿಸ್ಟರ್‌ನಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ಮೊದಲೆರಡು ಪಟ್ಟಿಗಳು ಎರಡು ಅಂಕಿಗಳನ್ನು ಕೊಡುತ್ತವೆ. ಮೂರನೆಯದು ಆ ಎರಡಂಕಿ ಸಂಖ್ಯೆಯನ್ನು ಎಷ್ಟರಿಂದ ಗುಣಿಸಬೇಕು ಎಂದು ಹೇಳುತ್ತದೆ. ನಾಲ್ಕನೆಯದು ಟಾಲರೆನ್ಸ್, ಅಂದರೆ ನಿಜವಾದ ಬೆಲೆ ಹೆಸರಿನ ಬೆಲೆಗಿಂತ ಶೇಕಡಾ ಎಷ್ಟರವರೆಗೆ ಆಚೀಚೆ ಇರಬಹುದು ಎಂಬುದರ ಮಿತಿ.

| ಬಣ್ಣ | ಅಂಕಿ | ಗುಣಕ |
|---|---|---|
| ಕಪ್ಪು | 0 | 1 |
| ಕಂದು | 1 | 10 |
| ಕೆಂಪು | 2 | 100 |
| ಕಿತ್ತಳೆ | 3 | 1,000 |
| ಹಳದಿ | 4 | 10,000 |
| ಹಸಿರು | 5 | 1,00,000 |
| ನೀಲಿ | 6 | 10,00,000 |
| ನೇರಳೆ | 7 | 1,00,00,000 |
| ಬೂದು | 8 | 10,00,00,000 |
| ಬಿಳಿ | 9 | 100,00,00,000 |
| ಬಂಗಾರ | – | 0.1 |
| ಬೆಳ್ಳಿ | – | 0.01 |

ಗುಣಕವನ್ನು ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ. ಬಣ್ಣದ ಅಂಕಿ ಎಷ್ಟೋ ಅಷ್ಟು ಸೊನ್ನೆ ಸೇರಿಸಿದರೆ ಆಯಿತು. ಕೆಂಪಿಗೆ ಎರಡು ಸೊನ್ನೆ, ಕಿತ್ತಳೆಗೆ ಮೂರು. ಮೂರನೆಯ ಪಟ್ಟಿ ಬಂಗಾರವಾದರೆ ಹತ್ತರಿಂದ, ಬೆಳ್ಳಿಯಾದರೆ ನೂರರಿಂದ ಭಾಗಿಸಬೇಕು. ಟಾಲರೆನ್ಸ್ ಪಟ್ಟಿಯಲ್ಲಿ ದಿನಬಳಕೆಗೆ ಬರುವ ಬಣ್ಣಗಳು ಕೆಲವೇ: ಬಂಗಾರ ಶೇಕಡಾ 5, ಬೆಳ್ಳಿ ಶೇಕಡಾ 10, ಕಂದು ಶೇಕಡಾ 1, ಕೆಂಪು ಶೇಕಡಾ 2. ಹಳೆಯ ರೆಸಿಸ್ಟರ್‌ನಲ್ಲಿ ನಾಲ್ಕನೆಯ ಪಟ್ಟಿಯೇ ಇಲ್ಲದಿದ್ದರೆ ಶೇಕಡಾ 20 ಎಂದು ಅರ್ಥ.

ಬಣ್ಣಗಳ ಕ್ರಮ ನೆನಪಿಡಲು ‘ಬಿ ಬಿ ರಾಯ್ ಆಫ್ ಗ್ರೇಟ್ ಬ್ರಿಟನ್’ ಎಂದು ಶುರುವಾಗುವ ಇಂಗ್ಲಿಷ್ ಸಾಲನ್ನು ನಮ್ಮ ತರಗತಿಗಳಲ್ಲಿ ಹೇಳಿಕೊಡುವುದು ರೂಢಿ. ಆ ಸಾಲಿನಲ್ಲಿ ‘ಬಿ’ ಮೂರು ಬಾರಿ, ‘ಜಿ’ ಎರಡು ಬಾರಿ ಬರುವುದರಿಂದ ಕಪ್ಪು, ಕಂದು, ನೀಲಿಗಳೂ ಹಸಿರು, ಬೂದುಗಳೂ ಅದಲುಬದಲಾಗುವುದುಂಟು. ಪಟ್ಟಿಯನ್ನೇ ಗಮನಿಸಿದರೆ ಅದರಲ್ಲೊಂದು ಕ್ರಮ ಕಾಣುತ್ತದೆ. ಕತ್ತಲೆಯ ಕಡೆಯಿಂದ ಕಪ್ಪು ಮತ್ತು ಕಂದು, ನಡುವೆ ಕಾಮನಬಿಲ್ಲಿನ ಕ್ರಮದಲ್ಲೇ ಕೆಂಪಿನಿಂದ ನೇರಳೆಯವರೆಗೆ ಆರು ಬಣ್ಣ, ಕೊನೆಗೆ ಬೆಳಕಿನ ಕಡೆ ಬೂದು ಮತ್ತು ಬಿಳಿ. ಇಷ್ಟು ತಿಳಿದರೆ ನೀಲಿ ಎಂದಿಗೂ ಹಸಿರಿಗಿಂತ ಮೊದಲು ಬರುವುದಿಲ್ಲ, ಬೂದು ನಡುವೆ ನುಸುಳುವುದಿಲ್ಲ.

ಒಂದು ರೆಸಿಸ್ಟರ್, ಅದರ ವ್ಯಾಪ್ತಿ

ಹಳದಿ, ನೇರಳೆ, ಕೆಂಪು, ಬಂಗಾರ ಪಟ್ಟಿಗಳಿರುವ ರೆಸಿಸ್ಟರ್ ಒಂದನ್ನು ತೆಗೆದುಕೊಳ್ಳಬಹುದು. ಹಳದಿ 4, ನೇರಳೆ 7, ಒಟ್ಟಿಗೆ 47. ಕೆಂಪಿಗೆ ಎರಡು ಸೊನ್ನೆ ಸೇರಿದರೆ 4700 ಓಮ್, ಅಂದರೆ 4.7 ಕಿಲೋಓಮ್. ಇದು ಹೆಸರಿನ ಬೆಲೆ. ಬಂಗಾರದ ಪಟ್ಟಿ ಶೇಕಡಾ 5 ಎನ್ನುತ್ತದೆ. 4700ರ ಶೇಕಡಾ 5 ಎಂದರೆ 235 ಓಮ್.

```
4700 − 235 = 4465 Ω
4700 + 235 = 4935 Ω
```

ಈ ರೆಸಿಸ್ಟರ್‌ನ ರೋಧ 4465ರಿಂದ 4935 ಓಮ್‌ಗಳ ನಡುವೆ ಎಲ್ಲಿದ್ದರೂ ತಯಾರಕರು ಮಾತಿಗೆ ತಪ್ಪಿಲ್ಲ. ಅದು ಸರಿಯಾಗಿ 4700 ಇರಬೇಕು ಎಂಬ ನಿರೀಕ್ಷೆಯೇ ಇಲ್ಲ. ಶೇಕಡಾ 5 ಎಂದ ಮಾತ್ರಕ್ಕೆ ಪ್ರತಿಯೊಂದು ರೆಸಿಸ್ಟರೂ ಶೇಕಡಾ 5ರಷ್ಟು ತಪ್ಪಿರುತ್ತದೆ ಎಂದೂ ಅಲ್ಲ. ಈಗಿನ ತಯಾರಿಕೆಯಲ್ಲಿ ಹೆಚ್ಚಿನವು ಹೆಸರಿನ ಬೆಲೆಯ ಸಮೀಪವೇ ಬರುತ್ತವೆ. ಆದರೆ ಒಂದೇ ಕಂತಿನಲ್ಲಿ ತಯಾರಾದವು ಹಲವು ಬಾರಿ ಒಂದೇ ಕಡೆಗೆ ವಾಲಿರುತ್ತವೆ. ಒಂದೇ ಪಟ್ಟಿಯಿಂದ ಕತ್ತರಿಸಿದ ಹತ್ತು ರೆಸಿಸ್ಟರ್‌ಗಳು ಹತ್ತೂ 4700ಕ್ಕಿಂತ ತುಸು ಕಡಿಮೆ ತೋರಿಸಿದರೆ ಅಚ್ಚರಿಪಡಬೇಕಿಲ್ಲ, ಮೀಟರನ್ನು ಅನುಮಾನಿಸಬೇಕಾಗಿಯೂ ಇಲ್ಲ.

ಅಂಗಡಿಯಲ್ಲಿ 4.7 ಸಿಗುತ್ತದೆ, 4.5 ಸಿಗುವುದಿಲ್ಲ. ಇದಕ್ಕೂ ಟಾಲರೆನ್ಸೇ ಕಾರಣ. ಶೇಕಡಾ 5ರ ರೆಸಿಸ್ಟರ್‌ಗಳು ಇ24 ಎಂಬ ಶ್ರೇಣಿಯ ಬೆಲೆಗಳಲ್ಲಿ ಬರುತ್ತವೆ: 10, 11, 12, 13, 15, 16, 18, 20, 22, 24, 27, 30, 33, 36, 39, 43, 47, 51, 56, 62, 68, 75, 82, 91. ಇವುಗಳಲ್ಲಿ 43ರ ವ್ಯಾಪ್ತಿ 45.15ರವರೆಗೆ ಹೋಗುತ್ತದೆ, 47ರದು 44.65ರಿಂದ ಶುರುವಾಗಿ 49.35ಕ್ಕೆ ಮುಗಿಯುತ್ತದೆ, 51ರದು 48.45ರಿಂದ ಶುರುವಾಗುತ್ತದೆ. ಒಂದರ ಅಂಚು ಇನ್ನೊಂದಕ್ಕೆ ತಾಗುವಂತೆ ಬೆಲೆಗಳನ್ನು ಆರಿಸಿರುವುದರಿಂದ ನಡುವೆ ಇನ್ನೊಂದು ಬೆಲೆ ತಯಾರಿಸಿ ಹೆಚ್ಚೇನೂ ಸಿಗುವುದಿಲ್ಲ.

ಪ್ರಯೋಗದಲ್ಲಿ ಈ ಶ್ರೇಣಿ ಒಂದು ಉಚಿತ ಪರೀಕ್ಷೆಯಂತೆ ಕೆಲಸ ಮಾಡುತ್ತದೆ. ಬಂಗಾರದ ಪಟ್ಟಿಯ ರೆಸಿಸ್ಟರ್‌ನ ಮೊದಲೆರಡು ಅಂಕಿ 46 ಎಂದು ಓದಿದರೆ ಎಲ್ಲೋ ಬಣ್ಣ ತಪ್ಪಿದೆ ಎಂದು ಅಳೆಯುವ ಮೊದಲೇ ಗೊತ್ತಾಗುತ್ತದೆ. ನೇರಳೆಯನ್ನು ನೀಲಿ ಎಂದುಕೊಂಡಿರಬಹುದು. 67 ಎಂದು ಬಂದರೆ ಅದು 68 ಇರಬೇಕು, ಬೂದು ಬಣ್ಣ ನೇರಳೆಯಂತೆ ಕಂಡಿದೆ. ಆದರೆ ಎಲ್ಲ ತಪ್ಪುಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. ಕೆಂಪನ್ನು ಕಿತ್ತಳೆ ಎಂದು ಓದಿ 22ರ ಜಾಗದಲ್ಲಿ 33 ಬರೆದರೆ ಎರಡೂ ಶ್ರೇಣಿಯಲ್ಲಿವೆ. ಅಲ್ಲಿ ಮೀಟರೇ ಹೇಳಬೇಕು.

ಯಾವ ತುದಿಯಿಂದ ಓದಬೇಕು

ನಾಲ್ಕು ಪಟ್ಟಿಯ ರೆಸಿಸ್ಟರ್‌ನಲ್ಲಿ ಈ ಪ್ರಶ್ನೆ ಹೆಚ್ಚು ಕಾಡುವುದಿಲ್ಲ. ಬಂಗಾರ, ಬೆಳ್ಳಿಗಳಿಗೆ ಅಂಕಿಯೇ ಇಲ್ಲದ್ದರಿಂದ ಅವು ಮೊದಲ ಪಟ್ಟಿ ಆಗಲಾರವು. ಬಂಗಾರವನ್ನು ಬಲಗೈ ಕಡೆಗೆ ಹಿಡಿದು ಎಡದಿಂದ ಓದಿದರೆ ಸಾಕು.

ನೀಲಿ ಮೈಯ ಮೆಟಲ್ ಫಿಲ್ಮ್ ರೆಸಿಸ್ಟರ್‌ನಲ್ಲಿ ಐದು ಪಟ್ಟಿಗಳಿರುತ್ತವೆ: ಮೂರು ಅಂಕಿ, ಒಂದು ಗುಣಕ, ಒಂದು ಟಾಲರೆನ್ಸ್. ಟಾಲರೆನ್ಸ್ ಸಾಮಾನ್ಯವಾಗಿ ಶೇಕಡಾ 1, ಅಂದರೆ ಕಂದು ಪಟ್ಟಿ. ಕಂದಿಗೆ 1 ಎಂಬ ಅಂಕಿಯೂ ಇರುವುದರಿಂದ ಅದು ಎರಡೂ ತುದಿಗೆ ಸಲ್ಲುತ್ತದೆ. ಕಂದು, ಕಪ್ಪು, ಕಪ್ಪು, ಕಂದು, ಕಂದು ಎಂಬ ರೆಸಿಸ್ಟರನ್ನು ಎಡದಿಂದ ಓದಿದರೆ 100ನ್ನು ಹತ್ತರಿಂದ ಗುಣಿಸಿ 1000 ಓಮ್, ಶೇಕಡಾ 1. ಅದನ್ನೇ ತಿರುಗಿಸಿ ಹಿಡಿದರೆ ಕಂದು, ಕಂದು, ಕಪ್ಪು, ಕಪ್ಪು, ಕಂದು. ಅಂದರೆ 110ನ್ನು ಒಂದರಿಂದ ಗುಣಿಸಿ 110 ಓಮ್, ಶೇಕಡಾ 1. ಎರಡೂ ಮಾರುಕಟ್ಟೆಯಲ್ಲಿ ಸಿಗುವ ಬೆಲೆಗಳೇ. ಶ್ರೇಣಿಯ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.

ಟಾಲರೆನ್ಸ್ ಪಟ್ಟಿಯನ್ನು ಉಳಿದವುಗಳಿಂದ ತುಸು ದೂರ ಬಳಿಯುವುದು ಅಥವಾ ತುಸು ಅಗಲ ಮಾಡುವುದು ವಾಡಿಕೆ. ಅಗ್ಗದ ರೆಸಿಸ್ಟರ್‌ಗಳಲ್ಲಿ ಈ ಅಂತರ ಕಣ್ಣಿಗೆ ಹೊಳೆಯದಷ್ಟು ಕಡಿಮೆಯಿರುತ್ತದೆ. ಆಗ ಎರಡು ಓದುಗಳನ್ನೂ ಬರೆದಿಟ್ಟುಕೊಂಡು ಮೀಟರಿನಲ್ಲಿ ನೋಡುವುದೇ ನೇರ ದಾರಿ. 1000 ಮತ್ತು 110ರ ನಡುವೆ ಒಂಬತ್ತು ಪಟ್ಟು ವ್ಯತ್ಯಾಸ ಇರುವುದರಿಂದ ಎಂಥ ಮೀಟರಾದರೂ ಇದನ್ನು ಬಿಡಿಸಿ ಹೇಳುತ್ತದೆ.

ಬಣ್ಣ ನೋಡಲು ಬೆಳಕೂ ಮುಖ್ಯ. ಹಳದಿ ಛಾಯೆಯ ದೀಪದಡಿ ಕಂದು, ಕೆಂಪು, ಕಿತ್ತಳೆಗಳು ಒಂದರಂತೆ ಒಂದು ಕಾಣುತ್ತವೆ. ನೀಲಿ ಮೈಮೇಲೆ ನೇರಳೆ ಮತ್ತು ಬೂದು ಮಂಕಾಗುತ್ತವೆ. ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ಓದಿ, ಅನುಮಾನವಿದ್ದಲ್ಲಿ ಬಣ್ಣ ಖಚಿತವಾಗಿರುವ ಇನ್ನೊಂದು ರೆಸಿಸ್ಟರನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಒಳ್ಳೆಯದು. ಕೆಂಪು, ಹಸಿರುಗಳ ನಡುವಿನ ವ್ಯತ್ಯಾಸ ಸರಿಯಾಗಿ ಕಾಣದ ಕಣ್ಣಿನ ವಿದ್ಯಾರ್ಥಿಗಳಿಗೆ ಈ ಪ್ರಯೋಗದಲ್ಲಿ ಜೊತೆಗಾರರ ನೆರವು ಬೇಕಾಗುತ್ತದೆ.

ಮೀಟರಿನಲ್ಲಿ ಅಳೆಯುವುದು

ಪ್ರಯೋಗಾಲಯದ ಮೇಜುಗಳ ಮೇಲೆ ಹೆಚ್ಚಾಗಿ ಕಾಣುವುದು 1999ರವರೆಗೆ ಎಣಿಸುವ, ಕೈಯಿಂದ ತಿರುಗಿಸುವ ಗುಂಡಿಯಿರುವ ಅಗ್ಗದ ಡಿಜಿಟಲ್ ಮಲ್ಟಿಮೀಟರ್. ಅದರ ಓಮ್ ಭಾಗದಲ್ಲಿ `200`, `2000`, `20k`, `200k`, `2000k` ಎಂಬ ಐದು ರೇಂಜ್‌ಗಳಿರುತ್ತವೆ. ಕಪ್ಪು ಪ್ರೋಬ್ `COM` ತೂತಿಗೆ, ಕೆಂಪು ಪ್ರೋಬ್ `Ω` ಗುರುತಿರುವ ತೂತಿಗೆ ಹೋಗಬೇಕು.

ಬಣ್ಣ ಹೇಳಿದ ಬೆಲೆಗಿಂತ ದೊಡ್ಡದಾದ ರೇಂಜ್‌ಗಳಲ್ಲಿ ತೀರ ಚಿಕ್ಕದನ್ನು ಆರಿಸಬೇಕು. 4.7 ಕಿಲೋಓಮ್‌ಗೆ ಅದು `20k`. ಅಲ್ಲಿ ಪರದೆಯ ಮೇಲೆ ಕೊನೆಯ ಅಂಕಿ ಹತ್ತು ಓಮ್‌ಗಳ ಹೆಜ್ಜೆಯಲ್ಲಿ ಬದಲಾಗುತ್ತದೆ, ಅಂಕಿ `4.63` ಎಂದು ಕಾಣುತ್ತದೆ. ಅದೇ ರೆಸಿಸ್ಟರನ್ನು `200k` ರೇಂಜಿನಲ್ಲಿ ಇಟ್ಟರೆ `4.6` ಎಂದಷ್ಟೇ ಬರುತ್ತದೆ. ಅಲ್ಲಿ ಒಂದು ಹೆಜ್ಜೆ ನೂರು ಓಮ್, ಅಂದರೆ 4700ರ ಶೇಕಡಾ ಎರಡಕ್ಕೂ ಹೆಚ್ಚು. ಶೇಕಡಾ 5ರ ಮಿತಿಯನ್ನು ಪರೀಕ್ಷಿಸಲು ಇಷ್ಟು ಒರಟು ಅಳತೆ ಸಾಲದು. `2000` ರೇಂಜಿಗೆ ತಿರುಗಿಸಿದರೆ ಪರದೆಯ ಎಡಗಡೆ ಬರಿ `1` ನಿಲ್ಲುತ್ತದೆ, ಕೆಲವು ಮೀಟರುಗಳಲ್ಲಿ `OL` ಎಂದು ಬರುತ್ತದೆ. ಅದು ಒಂದು ಓಮ್ ಎಂದಲ್ಲ, ರೋಧ ಈ ರೇಂಜನ್ನು ಮೀರಿದೆ ಎಂದು. ಇದನ್ನೇ ಅಳತೆಯೆಂದು ರೆಕಾರ್ಡಿನಲ್ಲಿ ಬರೆದುಬಿಡುವುದು ಹೊಸಬರ ಸಾಮಾನ್ಯ ತಪ್ಪು.

ರೆಸಿಸ್ಟರನ್ನು ಅಳೆಯುವಾಗ ಅದು ಒಂಟಿಯಾಗಿರಬೇಕು. ಸರ್ಕ್ಯೂಟಿನಲ್ಲಿ ಸೇರಿಕೊಂಡಿರುವಾಗ ಅಳೆದರೆ ಅದಕ್ಕೆ ಸಮಾಂತರವಾಗಿರುವ ದಾರಿಗಳನ್ನೆಲ್ಲ ಮೀಟರ್ ಸೇರಿಸಿಕೊಂಡು ಓದುತ್ತದೆ. 4.7 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳು ಸಮಾಂತರವಾಗಿದ್ದರೆ ಯಾವುದನ್ನು ಅಳೆದರೂ 2.35 ಎಂದೇ ಬರುತ್ತದೆ. ಕನಿಷ್ಠ ಒಂದು ಕಾಲನ್ನಾದರೂ ಬಿಡಿಸಿರಬೇಕು, ವಿದ್ಯುತ್ ಪೂರೈಕೆಯನ್ನು ಅದಕ್ಕೂ ಮೊದಲೇ ತೆಗೆದಿರಬೇಕು. ಬ್ರೆಡ್‌ಬೋರ್ಡಿನ ಮೇಲಿಟ್ಟು ಅಳೆಯುವುದಾದರೆ ಎರಡು ಕಾಲುಗಳೂ ಬೇರೆಬೇರೆ ಸಾಲಿನಲ್ಲಿರಬೇಕು. ಒಂದೇ ಸಾಲಿಗೆ ಚುಚ್ಚಿದರೆ ಮೀಟರ್ ಸೊನ್ನೆ ತೋರಿಸುತ್ತದೆ.

ಕೈ ತಾಗುವುದು ಇನ್ನೊಂದು ತೊಂದರೆ. ಪ್ರೋಬಿನ ತುದಿಗೆ ರೆಸಿಸ್ಟರ್ ಕಾಲನ್ನು ಎರಡೂ ಕಡೆ ಬೆರಳಿನಿಂದ ಒತ್ತಿ ಹಿಡಿದರೆ ಮೈಯ ರೋಧವೂ ಸಮಾಂತರವಾಗಿ ಸೇರುತ್ತದೆ. ಬೆವರಿದ ಕೈಯಲ್ಲಿ ಅದು ಕೆಲವು ಲಕ್ಷ ಓಮ್‌ಗೆ ಇಳಿದಿರಬಹುದು, ಒಣಗಿದ ಬೆರಳಿನಲ್ಲಿ ಹಲವು ಮೆಗಾಓಮ್ ಇರಬಹುದು. ಐದು ಲಕ್ಷ ಓಮ್ ಎಂದಿಟ್ಟುಕೊಂಡರೆ 4.7 ಕಿಲೋಓಮ್ ರೆಸಿಸ್ಟರ್ 4.66ಕ್ಕೆ ಇಳಿದಂತೆ ಕಾಣುತ್ತದೆ, ಶೇಕಡಾ ಒಂದಕ್ಕೂ ಕಡಿಮೆ ವ್ಯತ್ಯಾಸ. ಆದರೆ ಕಂದು, ಹಸಿರು, ಹಸಿರು, ಬಂಗಾರದ 1.5 ಮೆಗಾಓಮ್ ರೆಸಿಸ್ಟರನ್ನು ಅದೇ ಕೈಯಲ್ಲಿ ಹಿಡಿದರೆ ಮೀಟರ್ 375 ಕಿಲೋಓಮ್ ತೋರಿಸುತ್ತದೆ, ನಿಜವಾದ ಬೆಲೆಯ ಕಾಲುಭಾಗ! ಅಂಕಿ ನಿಲ್ಲದೆ ಏರಿಳಿಯುತ್ತಿದ್ದರೆ, ಬೆರಳನ್ನು ಗಟ್ಟಿಯಾಗಿ ಒತ್ತಿದಾಗ ಇನ್ನೂ ಇಳಿದರೆ, ಕಾರಣ ಕೈಯೇ. ಒಂದು ಕಡೆಯನ್ನು ಮಾತ್ರ ಬೆರಳಿನಿಂದ ಹಿಡಿಯಬೇಕು, ಇಲ್ಲವೇ ಮೊಸಳೆ ಕ್ಲಿಪ್ ಬಳಸಬೇಕು.

ಕಡಿಮೆ ಬೆಲೆಯ ರೆಸಿಸ್ಟರ್‌ಗಳಲ್ಲಿ ತೊಂದರೆ ಎದುರುಗಡೆಯಿಂದ ಬರುತ್ತದೆ. ಪ್ರೋಬಿನ ತಂತಿಗೂ ಸಂಪರ್ಕಕ್ಕೂ ತಮ್ಮದೇ ಆದ ರೋಧವಿದೆ. `200` ರೇಂಜಿನಲ್ಲಿ ಎರಡೂ ಪ್ರೋಬ್‌ಗಳ ತುದಿಯನ್ನು ಒಂದಕ್ಕೊಂದು ತಾಗಿಸಿದರೆ ಸೊನ್ನೆ ಬರುವ ಬದಲು 0.4 ಓಮ್‌ನಷ್ಟು ಏನೋ ಕಾಣುತ್ತದೆ. 4700ರ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ 10 ಓಮ್ ರೆಸಿಸ್ಟರ್‌ಗೆ ಅದು ಶೇಕಡಾ 4. ಪ್ರೋಬ್‌ಗಳ ಈ ಓದನ್ನು ಮೊದಲೇ ಬರೆದಿಟ್ಟುಕೊಂಡು ಅಳತೆಯಿಂದ ಕಳೆಯಬೇಕು. ಇಲ್ಲವಾದರೆ ಸರಿಯಾದ ರೆಸಿಸ್ಟರೂ ಮಿತಿ ಮೀರಿದಂತೆ ಕಾಣುತ್ತದೆ.

ತಾಳೆ ನೋಡುವುದು

ಮೇಲಿನ 4.7 ಕಿಲೋಓಮ್ ರೆಸಿಸ್ಟರ್‌ಗೆ ಮೀಟರ್ 4.63 ತೋರಿಸಿತು ಎಂದುಕೊಂಡರೆ, ಹೆಸರಿನ ಬೆಲೆಯಿಂದ ವ್ಯತ್ಯಾಸ ಹೀಗೆ:

```
(4630 − 4700) / 4700 × 100 = −1.49 %
```

ಭಾಗಿಸಬೇಕಾದ್ದು ಹೆಸರಿನ ಬೆಲೆಯಿಂದ, ಅಳೆದ ಬೆಲೆಯಿಂದ ಅಲ್ಲ. ಟಾಲರೆನ್ಸನ್ನು ತಯಾರಕರು ಲೆಕ್ಕ ಹಾಕಿರುವುದು ಹೆಸರಿನ ಬೆಲೆಯ ಮೇಲೆಯೇ. ಋಣ ಚಿಹ್ನೆಯನ್ನೂ ಬಿಡಬಾರದು, ಅಳೆದ ಬೆಲೆ ಯಾವ ಕಡೆಗೆ ವಾಲಿದೆ ಎಂಬುದನ್ನು ಅದು ಹೇಳುತ್ತದೆ. ಶೇಕಡಾ 1.49 ಎಂಬುದು ಈ ಒಂದು ರೆಸಿಸ್ಟರ್‌ನ ವ್ಯತ್ಯಾಸ. ಶೇಕಡಾ 5 ಎಂಬುದು ಅದಕ್ಕೆ ಇದ್ದ ಅವಕಾಶ. ಎರಡೂ ಒಂದೇ ಅಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯುವಂತಿಲ್ಲ. 4630 ಎಂಬುದು 4465 ಮತ್ತು 4935ರ ನಡುವೆ ಇರುವುದರಿಂದ ರೆಸಿಸ್ಟರ್ ಮಿತಿಯೊಳಗಿದೆ.

ಹೆಚ್ಚಿನ ರೆಕಾರ್ಡ್ ಪುಸ್ತಕಗಳಲ್ಲಿ ಪ್ರಯೋಗ ಇಲ್ಲಿಗೇ ಮುಗಿಯುತ್ತದೆ. ಆದರೆ 4.63 ಎಂಬ ಅಂಕಿಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆ ಉಳಿದಿರುತ್ತದೆ. ಮೀಟರಿನ ಜೊತೆ ಬರುವ ಕಾಗದದಲ್ಲಿ ಅದಕ್ಕೆ ಉತ್ತರವಿದೆ. ಅಗ್ಗದ ಮೀಟರುಗಳ `20k` ರೇಂಜಿಗೆ ಸಾಮಾನ್ಯವಾಗಿ ಕೊಡುವ ನಿಖರತೆ ಓದಿನ ಶೇಕಡಾ 0.8, ಅದರ ಮೇಲೆ ಕೊನೆಯ ಅಂಕಿಯ ಎರಡು ಹೆಜ್ಜೆ. 4630ರ ಶೇಕಡಾ 0.8 ಎಂದರೆ 37 ಓಮ್. ಎರಡು ಹೆಜ್ಜೆ ಎಂದರೆ 20 ಓಮ್. ಒಟ್ಟು 57. ಆದ್ದರಿಂದ ನಿಜವಾದ ರೋಧ 4573ರಿಂದ 4687ರ ನಡುವೆ ಎಲ್ಲಾದರೂ ಇರಬಹುದು. ಈ ಇಡೀ ವ್ಯಾಪ್ತಿ 4465–4935ರ ಒಳಗೇ ಇರುವುದರಿಂದ ತೀರ್ಮಾನ ಅಲುಗಾಡುವುದಿಲ್ಲ.

ಮೀಟರ್ 4.90 ತೋರಿಸಿದ್ದರೆ ಕಥೆ ಬೇರೆ. 4900 ಮಿತಿಯೊಳಗೇ ಇದೆ. ಆದರೆ ಮೀಟರಿನ ತಪ್ಪಿನ ಅವಕಾಶ ಇಲ್ಲಿ 59 ಓಮ್, ಹಾಗಾಗಿ ನಿಜ ಬೆಲೆ 4841ರಿಂದ 4959ರವರೆಗೆ ಎಲ್ಲಾದರೂ ಇರಬಹುದು. 4935ರ ಗೆರೆ ಈ ವ್ಯಾಪ್ತಿಯ ಮಧ್ಯದಲ್ಲಿ ಹಾದುಹೋಗುತ್ತದೆ. 4.98 ತೋರಿಸಿದ್ದರೂ ಅಷ್ಟೇ: ಅಂಕಿ ಮಿತಿಯ ಹೊರಗಿದೆ, ಆದರೆ ನಿಜ ಬೆಲೆ 4920 ಇದ್ದು ಒಳಗೂ ಇರಬಹುದು. 5.05 ಬಂದರೆ ಮಾತ್ರ ಕಡಿಮೆ ಕಡೆಯ ಅಂಚೂ 4990ರಲ್ಲಿ ಇರುವುದರಿಂದ ರೆಸಿಸ್ಟರ್ ಹೊರಗಿದೆ ಎಂದು ಧೈರ್ಯವಾಗಿ ಹೇಳಬಹುದು. ಹೀಗೆ ಫಲಿತಾಂಶ ಎರಡಲ್ಲ, ಮೂರು: ಒಳಗಿದೆ, ಹೊರಗಿದೆ, ಈ ಮೀಟರಿನಿಂದ ಹೇಳಲಾಗದು. ಈ ರೆಸಿಸ್ಟರ್‌ನ ಮಟ್ಟಿಗೆ ಮೀಟರಿನ ಓದು 4.53ರಿಂದ 4.87ರವರೆಗೆ ಇದ್ದರೆ ಒಳಗಿದೆ ಎಂಬ ಮಾತು ನಿಲ್ಲುತ್ತದೆ.

ಶೇಕಡಾ 1ರ ರೆಸಿಸ್ಟರ್ ಬಂದಾಗ ಈ ಲೆಕ್ಕದ ಬಿಸಿ ಚೆನ್ನಾಗಿ ತಟ್ಟುತ್ತದೆ. ಹಳದಿ, ನೇರಳೆ, ಕಪ್ಪು, ಕಂದು, ಕಂದು ಪಟ್ಟಿಯದೂ 4.7 ಕಿಲೋಓಮೇ. ಆದರೆ ಅದರ ಅವಕಾಶ ಎರಡೂ ಕಡೆ 47 ಓಮ್ ಮಾತ್ರ, 4653ರಿಂದ 4747. ಅದೇ ಬೆಲೆಗೆ ಮೀಟರಿನ ತಪ್ಪಿನ ಅವಕಾಶ 58 ಓಮ್. ಅಳೆಯಬೇಕಾದ ಮಿತಿಗಿಂತ ಅಳೆಯುವ ಸಾಧನದ ಮಿತಿಯೇ ದೊಡ್ಡದು. ಮೀಟರ್ ಸರಿಯಾಗಿ 4.70 ತೋರಿಸಿದರೂ ಆ ರೆಸಿಸ್ಟರ್ ಶೇಕಡಾ 1ರ ಒಳಗಿದೆ ಎಂದು ಸಾಬೀತಾಗುವುದಿಲ್ಲ. ಬಣ್ಣವನ್ನು ಸರಿಯಾಗಿ ಓದಲಾಗಿದೆ ಎಂಬುದಷ್ಟೇ ಸಾಬೀತಾಗುತ್ತದೆ. ಟಾಲರೆನ್ಸನ್ನೂ ಪರೀಕ್ಷಿಸಬೇಕೆಂದರೆ ಶೇಕಡಾ 0.1ರ ಮಟ್ಟದ ನಿಖರತೆಯಿರುವ ಬೆಂಚ್ ಮಲ್ಟಿಮೀಟರ್ ಅಥವಾ ನಿಖರ ರೋಧಗಳಿರುವ ವೀಟ್‌ಸ್ಟನ್ ಬ್ರಿಜ್ ಬೇಕು.

ಮಿತಿ ಮೀರಿದಾಗ

ಅಳತೆ ವ್ಯಾಪ್ತಿಯ ಹೊರಗೆ ಬಂದ ಕೂಡಲೇ ರೆಸಿಸ್ಟರ್ ಕೆಟ್ಟಿದೆ ಎಂದು ಬರೆಯುವುದು ಆತುರವಾಗುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದು ಎಂಬುದೇ ಹೆಚ್ಚಿನ ವೇಳೆ ಕಾರಣವನ್ನು ತೋರಿಸಿಕೊಡುತ್ತದೆ.

ಅಳೆದ ಬೆಲೆ ಓದಿದ ಬೆಲೆಯ ಸುಮಾರು ಹತ್ತು ಪಟ್ಟೋ ಹತ್ತನೆಯ ಒಂದು ಭಾಗವೋ ಆಗಿದ್ದರೆ ತಪ್ಪಿರುವುದು ಗುಣಕದ ಪಟ್ಟಿ. 4.7 ಎಂದು ಓದಿದ್ದು `20k` ರೇಂಜಿನಲ್ಲಿ ಬರಿ `1` ತೋರಿಸಿ, `200k` ರೇಂಜಿನಲ್ಲಿ 46.5 ಬಂದರೆ ಮೂರನೆಯ ಪಟ್ಟಿ ಕೆಂಪಲ್ಲ, ಕಿತ್ತಳೆ. ವ್ಯತ್ಯಾಸ ಶೇಕಡಾ ಮೂವತ್ತು, ಐವತ್ತು, ನೂರರಷ್ಟಿದ್ದರೆ ಮೊದಲ ಅಂಕಿಯನ್ನು ಮತ್ತೆ ನೋಡಬೇಕು. 2.2 ಕಿಲೋಓಮ್ ಎಂದು ಓದಿದ್ದು 3.28 ತೋರಿಸಿದರೆ ವ್ಯತ್ಯಾಸ ಶೇಕಡಾ 49. ಅಷ್ಟು ದೂರ ಯಾವ ಹೊಸ ರೆಸಿಸ್ಟರೂ ಹೋಗುವುದಿಲ್ಲ. ಅದು ಕಿತ್ತಳೆ, ಕಿತ್ತಳೆ, ಕೆಂಪಿನ 3.3 ಕಿಲೋಓಮ್, ವ್ಯತ್ಯಾಸ ಶೇಕಡಾ ಒಂದರ ಒಳಗೇ ಇದೆ. ಐದು ಪಟ್ಟಿಯದರಲ್ಲಿ ಅಳತೆಗೂ ಓದಿಗೂ ಸಂಬಂಧವೇ ಇಲ್ಲದಿದ್ದರೆ ತಿರುಗಿಸಿ ಓದಿ ನೋಡಬೇಕು.

ವ್ಯತ್ಯಾಸ ಚಿಕ್ಕದಿದ್ದು ಮಿತಿಯನ್ನು ತುಸುವೇ ದಾಟಿದ್ದರೆ ಆಗ ಅಳತೆಯ ರೀತಿಯನ್ನು ಅನುಮಾನಿಸಬೇಕು. ದೊಡ್ಡ ಬೆಲೆ ಕಡಿಮೆಯಾಗಿ ಕಂಡರೆ ಕೈ ತಾಗಿದೆ, ಚಿಕ್ಕ ಬೆಲೆ ಹೆಚ್ಚಾಗಿ ಕಂಡರೆ ಪ್ರೋಬಿನ ರೋಧ ಸೇರಿದೆ ಅಥವಾ ಕಾಲಿಗೆ ಕಿಲುಬು ಹಿಡಿದಿದೆ. ಪರದೆಯ ಮೂಲೆಯಲ್ಲಿ ಬ್ಯಾಟರಿ ಚಿತ್ರ ಕಾಣುತ್ತಿದ್ದರೆ ಮೀಟರಿನ ಯಾವ ಓದನ್ನೂ ನೆಚ್ಚುವಂತಿಲ್ಲ. ಆಗಷ್ಟೇ ಬೆಸುಗೆಯಿಂದ ಬಿಡಿಸಿದ ಬಿಸಿ ರೆಸಿಸ್ಟರನ್ನೂ ತಣಿಯಲು ಬಿಡಬೇಕು. ಕಾರ್ಬನ್ ಫಿಲ್ಮ್‌ನ ರೋಧ ಬಿಸಿಯಾದಂತೆ ಇಳಿಯುತ್ತದೆ; ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಮುನ್ನೂರು ಭಾಗ ಎಂದು ಹಿಡಿದರೆ ಐವತ್ತು ಡಿಗ್ರಿ ಏರಿಕೆಗೆ ಶೇಕಡಾ ಒಂದೂವರೆಯಷ್ಟು ಇಳಿಕೆ.

ಇವೆಲ್ಲವನ್ನೂ ಸರಿಪಡಿಸಿ ಮತ್ತೆ ಅಳೆದ ಮೇಲೂ ಹೊರಗೇ ಉಳಿದರೆ ರೆಸಿಸ್ಟರ್ ನಿಜಕ್ಕೂ ಬದಲಾಗಿದೆ. ಹಿಂದೆ ಹೆಚ್ಚು ಕರೆಂಟ್ ಹರಿದು ಕಾದಿರಬಹುದು. ಮೈ ಕಪ್ಪಾಗಿರುವುದು, ಕೆಂಪು ಪಟ್ಟಿ ಕಂದಿಗೆ ತಿರುಗಿರುವುದು ಅದರ ಗುರುತು. ಹಳೆಯ ರೇಡಿಯೊಗಳಿಂದ ತೆಗೆದ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳ ಬೆಲೆ ತೇವ ಮತ್ತು ವಯಸ್ಸಿನಿಂದ ಮೇಲಕ್ಕೆ ಸರಿದು ಮಿತಿ ದಾಟಿರುವುದು ಸಾಮಾನ್ಯ. ಟಾಲರೆನ್ಸ್ ಪಟ್ಟಿ ಹೇಳುವುದು ರೆಸಿಸ್ಟರ್ ಹೊಸದಾಗಿದ್ದಾಗಿನ ಮಾತು. ಹತ್ತಾರು ವರ್ಷ ಬಳಸಿದ ಮೇಲೂ ಅದೇ ಮಿತಿಯಲ್ಲಿರುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ರೆಕಾರ್ಡಿನಲ್ಲಿ ಒಂದೊಂದು ರೆಸಿಸ್ಟರ್‌ಗೂ ಬಣ್ಣಗಳ ಕ್ರಮ, ಹೆಸರಿನ ಬೆಲೆ, ಟಾಲರೆನ್ಸ್, ಎರಡು ಅಂಚುಗಳು, ಮೀಟರಿನ ರೇಂಜ್, ಅಳೆದ ಬೆಲೆ, ಚಿಹ್ನೆ ಸಹಿತ ಶೇಕಡಾ ವ್ಯತ್ಯಾಸ, ಕೊನೆಗೆ ತೀರ್ಮಾನ ಬರೆಯಬೇಕು. ಬಣ್ಣಗಳನ್ನು ಓದಿ ಅಂಚುಗಳನ್ನು ಲೆಕ್ಕ ಹಾಕಿ ಬರೆದ ಮೇಲೆಯೇ ಮೀಟರ್ ಹಿಡಿಯಬೇಕು. ಮೊದಲು ಅಳೆದುಬಿಟ್ಟರೆ ಕಣ್ಣು ಆ ಅಂಕಿಗೆ ಒಪ್ಪುವ ಬಣ್ಣವನ್ನೇ ಕಾಣುತ್ತದೆ, ಆಗ ಓದನ್ನು ಪರೀಕ್ಷಿಸಿದಂತೆ ಆಗುವುದಿಲ್ಲ. ಮೀಟರಿನ ಮಾದರಿ ಮತ್ತು ಅದರ ನಿಖರತೆಯನ್ನು ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಬರೆದಿದ್ದರೆ, ಅಂಚಿನ ಹತ್ತಿರದ ಓದುಗಳಿಗೆ ‘ಈ ಮೀಟರಿನಿಂದ ಹೇಳಲಾಗದು’ ಎಂದು ಯಾಕೆ ಬರೆದಿದೆ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ.